ಕಸ್ಟಮರ್ ಕಳಿಸಿದ ಶೇರ್ಡ್ ಫೈಲ್ ಮೇಲ್, ವಿಳಾಸವೂ ಸರಿ ಇತ್ತು. ಆದರೂ ಪಾಸ್‌ವರ್ಡ್ ಹೋಯ್ತು. ನೋಡಬೇಕಾಗಿದ್ದು ಏನನ್ನು?

ಪೀಣ್ಯ_ಲೆಕ್ಕ

ನಮಸ್ಕಾರ. ಪೀಣ್ಯದಲ್ಲಿ ಒಂದು ಸಣ್ಣ ಮೆಷಿನ್ ಶಾಪ್. ನಾನು ಅಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಐಟಿಯವರು ಅಂತ ಬೇರೆ ಯಾರೂ ಇಲ್ಲ, ಹಾಗಾಗಿ ಕಂಪ್ಯೂಟರ್ ತಕರಾರೆಲ್ಲ ಕೊನೆಗೆ ನನ್ನ ಟೇಬಲ್‌ಗೇ ಬರುತ್ತದೆ. ಆಫೀಸ್ ಮೇಲ್ ಇರುವುದು ಮೈಕ್ರೋಸಾಫ್ಟ್ 365ರಲ್ಲಿ.

ಹೋದ ವಾರ ಕೊಟೇಶನ್ ಮಾಡುವ ನಮ್ಮ ಹುಡುಗನಿಗೆ ಒಂದು ಮೇಲ್ ಬಂತು. ನಮ್ಮ ಹಳೇ ಕಸ್ಟಮರ್ ಒಬ್ಬರು ಡ್ರಾಯಿಂಗ್ ಫೈಲ್ ಶೇರ್ ಮಾಡಿದ್ದಾರೆ ಅಂತ. ಹೆಸರು ನಾವು ದಿನಾ ಮಾತಾಡುವ ಪರ್ಚೇಸ್ ಮ್ಯಾನೇಜರ್‌ದೇ. ಅವನು ಲಿಂಕ್ ಒತ್ತಿದ. ಅವನ ಮೇಲ್‌ಗೆ ಒಂದು ಕೋಡ್ ಬಂತು, ಹಾಕಿದ. ಫೈಲ್ ತೆರೆಯಿತು. ಒಳಗೆ ಮಸುಕಾದ ಡ್ರಾಯಿಂಗ್ ಚಿತ್ರ, ಅದರ ಮೇಲೆ `View Document` ಅಂತ ಒಂದು ಬಟನ್. ಅದನ್ನು ಒತ್ತಿದರೆ ಮೈಕ್ರೋಸಾಫ್ಟ್ ಲಾಗಿನ್ ಪುಟ, ನಮ್ಮ ಕಂಪನಿ ಲೋಗೋ ಸಮೇತ. ಪಾಸ್‌ವರ್ಡ್ ಕೊಟ್ಟ, ಫೋನಿನ ಅಥೆಂಟಿಕೇಟರ್‌ನಲ್ಲಿ ನಂಬರ್ ಹೊಡೆದು ಒಪ್ಪಿಗೆ ಕೊಟ್ಟ. ಕೊನೆಗೆ ಫೈಲ್ ಕಾಣಲೇ ಇಲ್ಲ, ಆಫೀಸ್ ಮುಖಪುಟ ಬಂತು. ಲಿಂಕ್ ಕೆಟ್ಟಿರಬೇಕು ಅಂತ ಬಿಟ್ಟುಬಿಟ್ಟ.

ಮಾರನೇ ದಿನ ನಮ್ಮ ಸಪ್ಲೈಯರ್‌ಗಳು ಒಬ್ಬೊಬ್ಬರಾಗಿ ಫೋನ್ ಮಾಡಲು ಶುರು ಮಾಡಿದರು: "ಅದೇನ್ ಫೈಲ್ ಕಳಿಸಿದ್ದೀರಾ ಸರ್, ತೆರೀತಾ ಇಲ್ಲ."

ನನ್ನ ಪ್ರಶ್ನೆ ಇಷ್ಟೇ. ಎಲ್ಲರೂ "ಕಳಿಸಿದವರ ವಿಳಾಸ ನೋಡಿ" ಅನ್ನುತ್ತಾರೆ. ಇಲ್ಲಿ ವಿಳಾಸ `no-reply@sharepointonline.com`. ಅದು ಮೈಕ್ರೋಸಾಫ್ಟ್‌ದೇ ಅಂತೆ. ಹಾಗಾದರೆ ಅವನು ನೋಡಬೇಕಾಗಿದ್ದು ಏನನ್ನು? ಓನರ್ ಗೋಡೆಗೆ ಒಂದು ನೋಟಿಸ್ ಅಂಟಿಸು ಅಂದಿದ್ದಾರೆ. ಏನು ಬರೆಯಲಿ?

ಬಸ್ಸಾರು_ಮುದ್ದೆ

ಸರಿಯಾಗಿ ನೋಡಿರಲ್ಲ ಬಿಡಿ. r ಮತ್ತು n ಪಕ್ಕಪಕ್ಕ ಇಟ್ಟರೆ m ತರ ಕಾಣುತ್ತೆ. ಅಲ್ಲೇ ಯಾಮಾರಿಸಿರ್ತಾರೆ.

ಪೀಣ್ಯ_ಲೆಕ್ಕ

ಇಲ್ಲ ಸರ್. ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ಅಕ್ಷರ ಅಕ್ಷರ ನೋಡಿದ್ದೇನೆ. ಹೆಡರ್ ತೆಗೆದೂ ನೋಡಿದೆ. ಮೇಲ್ ನಿಜವಾಗಿ ಆ ವಿಳಾಸದವರಿಂದಲೇ ಬಂತಾ ಅಂತ ನೋಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರಕ್ಕೂ `pass` ಅಂತಲೇ ಇದೆ.

ಸರ್ವರ್_ಸೀನ

ಮೂರೂ ಪಾಸ್ ಆಗಲೇಬೇಕು. ಯಾಕೆಂದರೆ ಆ ಮೇಲ್ ಸುಳ್ಳಲ್ಲ. ಮೈಕ್ರೋಸಾಫ್ಟ್ ಕಳಿಸಿದ್ದೇ.

ನಡೆದಿರುವುದು ಹೀಗೆ. ನಿಮ್ಮ ಕಸ್ಟಮರ್‌ನ ಆ ಪರ್ಚೇಸ್ ಮ್ಯಾನೇಜರ್ ಖಾತೆ ಮೊದಲೇ ಕಳ್ಳರ ಕೈಗೆ ಹೋಗಿದೆ, ಬಹುಶಃ ಇದೇ ದಾರಿಯಲ್ಲಿ. ಕಳ್ಳ ಆ ಖಾತೆಯ ಒನ್‌ಡ್ರೈವ್‌ಗೆ ಒಂದು ಪಿಡಿಎಫ್ ಹಾಕಿ ಶೇರ್ ಒತ್ತುತ್ತಾನೆ, ಅವರ ಪರಿಚಯದ ವಿಳಾಸಗಳನ್ನೆಲ್ಲ ತುಂಬುತ್ತಾನೆ. ಮಿಕ್ಕಿದ್ದು ಮೈಕ್ರೋಸಾಫ್ಟ್ ಕೆಲಸ. ಅದೇ ಎಲ್ಲರಿಗೂ ನೋಟಿಫಿಕೇಶನ್ ಕಳಿಸುತ್ತದೆ. ಪೋಸ್ಟ್‌ಮ್ಯಾನ್ ಅಸಲಿ, ಕವರ್ ಒಳಗಿನ ಕಾಗದ ನಕಲಿ. ನೀವು ನೋಡಿದ ಆ ಮೂರು ಪಾಸ್ ಹೇಳುವುದು ಪೋಸ್ಟ್‌ಮ್ಯಾನ್ ಬಗ್ಗೆ ಮಾತ್ರ.

ಗೂಗಲ್ ಡ್ರೈವ್‌ನಲ್ಲೂ ಇದೇ ಕಥೆ. ಅಲ್ಲಿ ಮೇಲ್ `drive-shares-dm-noreply@google.com` ನಿಂದ ಬರುತ್ತದೆ. ವಿಳಾಸ ನೂರಕ್ಕೆ ನೂರು ಸರಿ. ಫೈಲ್ ಒಳಗೆ ಏನಿದೆ ಅನ್ನುವುದಕ್ಕೆ ಅದು ಜವಾಬ್ದಾರಿ ಅಲ್ಲ.

ಆ ಕೋಡ್ ಕೇಳಿದ್ದೂ ಅಸಲಿಯೇ. ಇಂಥವರು ಮಾತ್ರ ತೆರೆಯಬಹುದು ಅಂತ ಇಟ್ಟು ಹೊರಗಿನವರಿಗೆ ಶೇರ್ ಮಾಡಿದರೆ ಹಾಗೆ ಕೋಡ್ ಬರುವುದುಂಟು. ಕಳ್ಳನಿಗೆ ಅದರಿಂದ ಒಂದು ಲಾಭವೂ ಇದೆ. ಮೇಲ್ ಪರೀಕ್ಷೆ ಮಾಡುವ ಸಾಫ್ಟ್‌ವೇರ್ ಬಳಿ ಆ ಕೋಡ್ ಇರುವುದಿಲ್ಲ. ಹಾಗಾಗಿ ಫೈಲ್ ಒಳಗಿನ ಬಟನ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ನೋಡಿದವನು ನಿಮ್ಮ ಹುಡುಗ ಒಬ್ಬನೇ.

ಬಸ್ಸಾರು_ಮುದ್ದೆ

ಓಹೋ. ಸರಿ, ನನ್ನ rn ವಾಪಸ್ ತಗೊಂಡೆ.

ಬನಶಂಕರಿ_ಟೀಚರ್

ನಮ್ಮ ಅಕ್ಕನಿಗೂ ಹೀಗೇ ಆಯ್ತು. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಅಂತ ಫೈಲ್ ಬಂತು. ಒತ್ತಿದ ಮೇಲೆ ಫೋನ್ ತನ್ನಷ್ಟಕ್ಕೆ ಎಲ್ಲರಿಗೂ ಅದನ್ನೇ ಕಳಿಸತೊಡಗಿತು. ದಯವಿಟ್ಟು ಯಾರೂ ಪರಿಚಯ ಇಲ್ಲದ ಫೈಲ್ ತೆರೆಯಬೇಡಿ.

ಕೆಂಗೇರಿ_ಲೋಕಲ್

ಟೀಚರ್, ಅದು ಎಪಿಕೆ. ಆ್ಯಪ್ ಇನ್‌ಸ್ಟಾಲ್ ಆಗಿ ಎಸ್‌ಎಂಎಸ್ ಕದಿಯುವ ಜಾತಿ. ಇಲ್ಲಿ ಯಾವುದೂ ಇನ್‌ಸ್ಟಾಲ್ ಆಗಿಲ್ಲ. ಫೈಲ್ ಕಳಿಸಿದವರು ಪರಿಚಯ ಇಲ್ಲದವರೂ ಅಲ್ಲ. ಅದೇ ತಾನೇ ತಲೆನೋವು?

ಬನಶಂಕರಿ_ಟೀಚರ್

ಎರಡೂ ಮೋಸವೇ ಅಲ್ವಾ ಸರ್.

ಜಯನಗರ_ನಾಲ್ಕನೇ_ಬ್ಲಾಕ್

ಇದಕ್ಕೆಲ್ಲ ಒಂದು ಸುಲಭ ಉಪಾಯ ಇದೆ, ಯಾರೂ ಹೇಳುವುದಿಲ್ಲ. ಲಾಗಿನ್ ಪುಟ ಬಂದಾಗ ಮೊದಲು ಬೇಕಂತಲೇ ತಪ್ಪು ಪಾಸ್‌ವರ್ಡ್ ಹಾಕಿ. ಅಸಲಿ ಪುಟ "ತಪ್ಪು" ಅನ್ನುತ್ತದೆ. ನಕಲಿ ಪುಟಕ್ಕೆ ಸರಿ ಯಾವುದು ಅಂತ ಗೊತ್ತಿಲ್ಲ, ಒಪ್ಪಿಕೊಂಡುಬಿಡುತ್ತದೆ. ಸಿಕ್ಕಿಬಿದ್ದ! ಮತ್ತೆ ಬೀಗದ ಗುರುತು ಇದೆಯಾ ನೋಡಿ. ಬೀಗ ಇಲ್ಲದಿದ್ದರೆ ಮುಟ್ಟಬೇಡಿ.

ಸರ್ವರ್_ಸೀನ

ಸರ್, ಆ ಉಪಾಯ ಹಿಂದೆ ಒಂದಿಷ್ಟು ನಡೆಯುತ್ತಿತ್ತು. ಈಗ ಅದನ್ನು ನಂಬಿದರೆ ಜಾಸ್ತಿ ಅಪಾಯ.

ಹಳೇ ತರದ ನಕಲಿ ಪುಟ ಸುಮ್ನೆ ಪಾಸ್‌ವರ್ಡ್ ಬರೆದಿಟ್ಟುಕೊಳ್ಳುತ್ತಿತ್ತು. ಅದರಲ್ಲೂ ಕೆಲವು ಮೊದಲ ಸಲ ಏನೇ ಹಾಕಿದರೂ "ತಪ್ಪು" ಅನ್ನುತ್ತಿದ್ದವು, ನೀವು ಎರಡನೇ ಸಲ ನಿಧಾನವಾಗಿ ಸರಿಯಾದದ್ದನ್ನು ಹಾಕಲಿ ಅಂತ. ನಿಮ್ಮ ಪರೀಕ್ಷೆಯಲ್ಲಿ ಅದು ಪಾಸಾಗುತ್ತದೆ.

ಹೊಸ ತರದ್ದು ಮಧ್ಯವರ್ತಿ. ಎವಿಲ್‌ಜಿನ್ಎಕ್ಸ್ ಅನ್ನುವ ಸಾಧನದ ಹೆಸರು ಕೇಳಿರಬಹುದು, ಆ ಜಾತಿ. ನೀವು ಹಾಕಿದ್ದನ್ನು ಆ ಕ್ಷಣವೇ ನಿಜವಾದ ಮೈಕ್ರೋಸಾಫ್ಟ್‌ಗೆ ದಾಟಿಸುತ್ತದೆ. ಅಲ್ಲಿಂದ ಬಂದ ಉತ್ತರವನ್ನು ನಿಮಗೆ ತೋರಿಸುತ್ತದೆ. ತಪ್ಪು ಹಾಕಿದರೆ ಮೈಕ್ರೋಸಾಫ್ಟೇ ತಪ್ಪು ಅನ್ನುತ್ತದೆ, ಇವರು ಅದನ್ನೇ ತೋರಿಸುತ್ತಾರೆ. ಪೀಣ್ಯದವರ ಕಂಪನಿ ಲೋಗೋ ಬಂದದ್ದೂ ಹೀಗೇ ಇರಬೇಕು. ಮೈಕ್ರೋಸಾಫ್ಟ್ ಕೊಟ್ಟದ್ದನ್ನು ಹಾಗೇ ದಾಟಿಸಿದ್ದಾರೆ. ಅಥೆಂಟಿಕೇಟರ್‌ನಲ್ಲಿ ನಂಬರ್ ಸರಿಹೋದದ್ದೂ ಅದಕ್ಕೇ. ಆ ನಂಬರ್ ನಿಜವಾದ ಲಾಗಿನ್‌ದೇ. ಆ ಲಾಗಿನ್ ನಡೆಯುತ್ತಿದ್ದದ್ದು ಮಾತ್ರ ಕಳ್ಳನ ಸರ್ವರ್‌ನಲ್ಲಿ. ಒಪ್ಪಿಗೆ ಸಿಕ್ಕ ಮೇಲೆ ಮೈಕ್ರೋಸಾಫ್ಟ್ ಕೊಡುವ ಸೆಷನ್ ಕುಕಿ ಅವನ ಕೈ ಸೇರುತ್ತದೆ. ಅದಿದ್ದರೆ ಪಾಸ್‌ವರ್ಡೂ ಬೇಡ, ಫೋನೂ ಬೇಡ.

ಬೀಗದ ವಿಷಯ: ಆ ಸರ್ಟಿಫಿಕೇಟ್ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಕ್ರೋಮ್‌ನವರು 2023ರಲ್ಲಿ ಬೀಗದ ಚಿಹ್ನೆಯನ್ನೇ ತೆಗೆದುಹಾಕಿದರು. ಜನ ಅದನ್ನು ನೋಡಿ ಸೈಟೇ ಒಳ್ಳೆಯದು ಅಂದುಕೊಳ್ಳುತ್ತಿದ್ದರು ಅಂತ.

ಜಯನಗರ_ನಾಲ್ಕನೇ_ಬ್ಲಾಕ್

ನನಗೆ ಎರಡು ಸಲ ಕೆಲಸ ಮಾಡಿದೆ ರೀ ಆ ಉಪಾಯ. ಅನುಭವದ ಮಾತು.

ಸರ್ವರ್_ಸೀನ

ಕೆಲಸ ಮಾಡಿರಬಹುದು. ಒಪ್ಪಿಕೊಂಡರೆ ನಕಲಿ ಅಂತ ಹೇಳಬಹುದು, ಸರಿ. ಒಪ್ಪದಿದ್ದರೆ ಅಸಲಿ ಅಂತ ಹೇಳಲು ಬರುವುದಿಲ್ಲ. ಅಷ್ಟೇ ವ್ಯತ್ಯಾಸ.

ಪೀಣ್ಯ_ಲೆಕ್ಕ

ಸೀನ ಸರ್, ಹಾಗಾದರೆ ನಮ್ಮ ಹುಡುಗನ ಕಣ್ಣಿಗೆ ಬೀಳುವಂಥದ್ದು ಏನೂ ಇರಲಿಲ್ಲವಾ? ಪಾಪ, ಅವನು ಊಟವನ್ನೂ ಸರಿಯಾಗಿ ಮಾಡುತ್ತಿಲ್ಲ.

ಸರ್ವರ್_ಸೀನ

ಇತ್ತು. ಎರಡು ಕಡೆ.

ಮೊದಲನೆಯದು, ಫೈಲ್ ತೆರೆದ ಮೇಲೆ ಇನ್ನೊಂದು "ಫೈಲ್ ತೆರೆಯಿರಿ" ಬಟನ್ ಬಂದದ್ದು. ಶೇರ್ ಮಾಡಿದ ಡ್ರಾಯಿಂಗ್ ತೆರೆದರೆ ಡ್ರಾಯಿಂಗೇ ಕಾಣಬೇಕು. ಇಲ್ಲಿ ಕಂಡದ್ದು ಡ್ರಾಯಿಂಗ್‌ನ ಮಸುಕು ಫೋಟೋ, ಅದಕ್ಕೊಂದು ಲಿಂಕ್. ಒನ್‌ಡ್ರೈವ್, ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಯಾವುದೂ ಹಾಗೆ ಮಾಡುವುದಿಲ್ಲ. ಮಸುಕು ಚಿತ್ರದ ಬದಲು ಕ್ಯೂಆರ್ ಕೋಡ್ ಇಟ್ಟಿರುವುದೂ ಉಂಟು. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಆಫೀಸ್ ಕಂಪ್ಯೂಟರಿನ ಕಾವಲು ತಪ್ಪುತ್ತದಲ್ಲ. ಜೊತೆಗೆ, ಕೋಡ್ ಹಾಕಿ ತಾನು ಯಾರು ಅಂತ ಆಗಲೇ ತೋರಿಸಿಯಾಗಿತ್ತು. ಅದೇ ಫೈಲಿಗೆ ಮತ್ತೆ ಪಾಸ್‌ವರ್ಡ್ ಯಾಕೆ?

ಎರಡನೆಯದು ಲಾಗಿನ್ ಪುಟದ ವಿಳಾಸ. ಮೇಲ್ ಕಳಿಸಿದವರ ವಿಳಾಸ ಅಲ್ಲ, ಬ್ರೌಸರ್‌ನ ಮೇಲ್ಭಾಗದಲ್ಲಿ ಇರುವುದು. ಅವನ ಬ್ರೌಸರ್ ಹಿಸ್ಟರಿಯಲ್ಲಿ ಇನ್ನೂ ಇದ್ದರೆ ಹಾಕಿ. ಲಿಂಕ್ ಆಗದ ಹಾಗೆ ಹೆಸರು ಬದಲಿಸಿ ಹಾಕಿ, ಯಾರಾದರೂ ಒತ್ತಿಬಿಟ್ಟಾರು.

ಪೀಣ್ಯ_ಲೆಕ್ಕ

ಸಿಕ್ಕಿತು. ಕೊನೆಯ ಭಾಗ ಬದಲಿಸಿದ್ದೇನೆ, ಮಿಕ್ಕಂತೆ ಆಕಾರ ಇದೇ:

```
https://login.microsoftonline.com.rfq-view.example/common/oauth2
```

ನಾನು ನೋಡಿದರೂ ಮೈಕ್ರೋಸಾಫ್ಟ್ ಅಂತಲೇ ಅಂದುಕೊಳ್ಳುತ್ತಿದ್ದೆ.

ಸರ್ವರ್_ಸೀನ

ಎಡದಿಂದ ಓದಿದರೆ ಎಲ್ಲರಿಗೂ ಹಾಗೇ ಕಾಣುತ್ತದೆ. ಇದನ್ನು ಬಲದಿಂದ ಓದಬೇಕು.

`https://` ಬಿಟ್ಟು ಮುಂದೆ ಹೋಗಿ. ಮೊದಲ ಒಂಟಿ ಗೀಟು `/` ಎಲ್ಲಿ ಬರುತ್ತದೋ ಅಲ್ಲಿ ನಿಲ್ಲಿ. ಅಲ್ಲಿಂದ ಹಿಂದಕ್ಕೆ ಎರಡು ತುಂಡು ನೋಡಿ. ಇಲ್ಲಿ ಸಿಗುವುದು `rfq-view.example`. ಸೈಟಿನ ಯಜಮಾನ ಅದೇ. ಅದರ ಎಡಕ್ಕೆ ಇರುವುದನ್ನೆಲ್ಲ ಯಜಮಾನ ತನಗೆ ಬೇಕಾದ ಹಾಗೆ ಬರೆದುಕೊಳ್ಳಬಹುದು. `login.microsoftonline.com` ಅಂತಲೂ ಬರೆದುಕೊಳ್ಳಬಹುದು, `vidhanasoudha` ಅಂತಲೂ ಬರೆದುಕೊಳ್ಳಬಹುದು, ಕೇಳುವವರಿಲ್ಲ. ಅಸಲಿ ಹೀಗಿರುತ್ತದೆ:

```
https://login.microsoftonline.com/common/oauth2
```

`.com` ಆದ ತಕ್ಷಣ ಗೀಟು. ನಡುವೆ ಚುಕ್ಕಿ ಹಾಕಿ ಇನ್ನೊಂದು ಹೆಸರು ಇಲ್ಲ. ಗೂಗಲ್ ಆದರೆ `accounts.google.com`, ಆಮೇಲೆ ಗೀಟು. `co.in`, `gov.in` ಅಂಥ ಕಡೆ ಹಿಂದಕ್ಕೆ ಮೂರು ತುಂಡು ನೋಡಬೇಕು, ಅಷ್ಟು ನೆನಪಿರಲಿ.

ಒಂದು ತೊಡಕೂ ಇದೆ. `sites.google.com` ಅಥವಾ `docs.google.com/forms` ಮೇಲೆ ಯಾರು ಬೇಕಾದರೂ ಪುಟ ಮಾಡಬಹುದು. ಬಲದಿಂದ ಓದಿದರೂ ಗೂಗಲ್ ಅಂತಲೇ ಬರುತ್ತದೆ. ಅದಕ್ಕೇ "ಗೂಗಲ್ ವಿಳಾಸ ಇದ್ದರೆ ಸರಿ" ಅಂತ ಹೇಳಿಕೊಡಬೇಡಿ. ಪಾಸ್‌ವರ್ಡ್ ಕೇಳುವ ಪುಟ `accounts.google.com` ಅಲ್ಲದಿದ್ದರೆ ಕೊಡಬೇಡಿ ಅಂತ ಹೇಳಿಕೊಡಿ.

ಎಚ್‌ಎಸ್‌ಆರ್_ಟೆಸ್ಟರ್

ಇಷ್ಟೆಲ್ಲ ಯಾರು ಓದುತ್ತಾರೆ ಸೀನಣ್ಣ, ಮಧ್ಯಾಹ್ನ ಊಟ ಆಗಿ ಕಣ್ಣು ಎಳೆಯುತ್ತಿರುವಾಗ? ಪಾಸ್‌ವರ್ಡ್ ಮ್ಯಾನೇಜರ್ ಇಟ್ಟುಕೊಳ್ಳಿ. ಅದು ಡೊಮೇನ್ ಹೋಲಿಸಿ ನೋಡಿಯೇ ತುಂಬುತ್ತದೆ. ದಿನಾ ತಾನಾಗಿ ತುಂಬುತ್ತಿದ್ದದ್ದು ಇವತ್ತು ಖಾಲಿ ಕೂತಿದೆ ಅಂದರೆ ಅಲ್ಲಿಗೇ ನಿಲ್ಲಿಸಿ. ಜನ ಮಾಡುವ ತಪ್ಪು ಏನೆಂದರೆ, ಅದು ತುಂಬಲಿಲ್ಲ ಅಂತ ಬೈದುಕೊಂಡು ತಾವೇ ಕಾಪಿ ಮಾಡಿ ಅಂಟಿಸುತ್ತಾರೆ.

ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ಲಾಗಿನ್ ಆಗುವ ಪಾಸ್‌ಕೀ ಇದ್ದರೆ ಇನ್ನೂ ಒಳ್ಳೆಯದು. ಅದು ಒಂದು ಡೊಮೇನ್‌ಗೇ ಅಂಟಿಕೊಂಡಿರುತ್ತದೆ. ನಕಲಿ ಸೈಟಿನಲ್ಲಿ ನೀವೇ ಬೇಕೆಂದರೂ ಕೆಲಸ ಮಾಡುವುದಿಲ್ಲ.

ಸರ್ವರ್_ಸೀನ

ನೂರಕ್ಕೆ ನೂರು ಒಪ್ಪಿದೆ. ಒಂದೇ ಮಾತು: ಖಾತೆಯಲ್ಲಿ ಪಾಸ್‌ಕೀ ಜೊತೆ ಪಾಸ್‌ವರ್ಡ್ ದಾರಿಯನ್ನೂ ತೆರೆದಿಟ್ಟಿದ್ದರೆ, ನಕಲಿ ಪುಟ "ಪಾಸ್‌ಕೀ ಆಗುತ್ತಿಲ್ಲ, ಬೇರೆ ವಿಧಾನ ಬಳಸಿ" ಅಂತ ಆ ಕಡೆ ತಿರುಗಿಸುತ್ತದೆ.

ಪೀಣ್ಯ_ಲೆಕ್ಕ

ನಮ್ಮಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ಅಂದರೆ ಓನರ್ ಡ್ರಾಯರಿನಲ್ಲಿರುವ ಡೈರಿ. ಬ್ರೌಸರಿನಲ್ಲಿ ಸೇವ್ ಮಾಡಿದರೆ ಸಾಕಾ?

ಎಚ್‌ಎಸ್‌ಆರ್_ಟೆಸ್ಟರ್

ಈ ಕೆಲಸಕ್ಕೆ ಸಾಕು. ಕ್ರೋಮ್, ಎಡ್ಜ್ ಕೂಡ ಡೊಮೇನ್ ಸರಿಹೋದರೆ ಮಾತ್ರ ತುಂಬುತ್ತವೆ. ಒಂದೇ ಕಂಪ್ಯೂಟರ್ ಮೂರು ಜನ ಬಳಸಿದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿಕೊಡಿ. ಡೈರಿಯನ್ನು ಓನರ್‌ಗೇ ಬಿಡಿ.

ಚಿಕ್ಕಪೇಟೆ_ಶೆಟ್ರು

ನಾನು ಹಳೇ ಕಾಲದವನು. ಅನುಮಾನ ಬಂದರೆ ಕಳಿಸಿದವರಿಗೇ ಒಂದು ರಿಪ್ಲೈ ಹಾಕಿ ಕೇಳುವುದು. "ನೀವೇ ಕಳಿಸಿದ್ದಾ ಸ್ವಾಮಿ?" ಮುಗೀತು. ಅದಕ್ಕೆ ಇಷ್ಟು ಕೋಡ್, ಗೀಟು ಯಾಕೆ?

ಪೀಣ್ಯ_ಲೆಕ್ಕ

ಶೆಟ್ರೇ, ಹೇಳುವುದೇ ಮರೆತಿದ್ದೆ. ಅವನು ಕೇಳಿದ್ದಾನೆ! ಆ ಮ್ಯಾನೇಜರ್‌ಗೆ ಮೇಲ್ ಹಾಕಿ ಕೇಳಿದ, ಹತ್ತೇ ನಿಮಿಷದಲ್ಲಿ "ಹೌದು, ಅರ್ಜೆಂಟ್ ಇದೆ, ಇವತ್ತೇ ನೋಡಿ ಕೊಟೇಶನ್ ಕಳಿಸಿ" ಅಂತ ಇಂಗ್ಲಿಷಿನಲ್ಲಿ ಉತ್ತರ ಬಂದಿದೆ. ಆ ಮ್ಯಾನೇಜರ್ ಯಾವತ್ತೂ ಹತ್ತು ನಿಮಿಷದಲ್ಲಿ ಉತ್ತರ ಕೊಟ್ಟವರಲ್ಲ. ಅಲ್ಲೇ ಅನುಮಾನ ಬರಬೇಕಿತ್ತು ಅಂತ ನಮ್ಮ ಓನರ್ ನಗುತ್ತಾರೆ.

ಚಿಕ್ಕಪೇಟೆ_ಶೆಟ್ರು

ಅಯ್ಯೋ ಶಿವನೇ. ಕಳ್ಳನೇ ಉತ್ತರ ಬರೆದನಾ?

ಸರ್ವರ್_ಸೀನ

ಬರೆಯುತ್ತಾನೆ. ಖಾತೆಯೊಳಗೇ ಕೂತಿರುತ್ತಾನಲ್ಲ. ಅಸಲಿ ಮ್ಯಾನೇಜರ್‌ಗೆ ಗೊತ್ತೇ ಆಗದ ಹಾಗೆ ಇನ್‌ಬಾಕ್ಸ್‌ನಲ್ಲಿ ಒಂದು ರೂಲ್ ಹಾಕಿರುತ್ತಾನೆ. ಬಂದ ಉತ್ತರಗಳೆಲ್ಲ ಓದಿದ್ದು ಅಂತ ಗುರುತಾಗಿ `RSS Feeds` ಅಥವಾ `Archive` ಅಂತ ಯಾರೂ ತೆರೆಯದ ಫೋಲ್ಡರಿಗೆ ಹೋಗುತ್ತವೆ.

ಶೆಟ್ರು ಹೇಳಿದ್ದು ಅರ್ಧ ಸರಿ. ಕೇಳಬೇಕು, ಆದರೆ ಬೇರೆ ದಾರಿಯಲ್ಲಿ. ಫೋನ್ ಮಾಡಿ. ನಂಬರ್ ಆ ಮೇಲ್‌ನ ಕೆಳಗಿನ ಸಹಿಯಿಂದ ತೆಗೆಯಬೇಡಿ, ಹಳೇ ಪಿಓ ಅಥವಾ ಇನ್‌ವಾಯ್ಸ್‌ನಿಂದ ತೆಗೆಯಿರಿ.

ಚಿಕ್ಕಪೇಟೆ_ಶೆಟ್ರು

ಫೋನ್ ಅಂದರೆ ನಾನು ರೆಡಿ. ಈ ಶೇರ್ ಗೀರ್ ಬಿಟ್ಟು ಅಟ್ಯಾಚ್ ಮಾಡಿ ಕಳಿಸಿ ಅಂತ ಎಲ್ಲರಿಗೂ ಹೇಳಿಬಿಡಿ. ನಮ್ಮ ಅಂಗಡಿಯಲ್ಲಿ ಹಾಗೇ.

ಪೀಣ್ಯ_ಲೆಕ್ಕ

ಸೀರೆ ಬಿಲ್ಲಿಗೆ ಸಾಕು ಶೆಟ್ರೇ. ನಮ್ಮ ತ್ರೀಡಿ ಡ್ರಾಯಿಂಗ್ 40, 60 ಎಂಬಿ ಇರುತ್ತವೆ. ಜಿಮೇಲ್‌ನಲ್ಲಿ 25 ಎಂಬಿ ದಾಟಿದರೆ ತಾನೇ ಡ್ರೈವ್ ಲಿಂಕ್ ಮಾಡಿಬಿಡುತ್ತದೆ. ಶೇರ್ ಬೇಡ ಅಂದರೆ ಆರ್ಡರೇ ಬೇಡ ಅಂದ ಹಾಗೆ.

ಕೆಂಗೇರಿ_ಲೋಕಲ್

ಅಟ್ಯಾಚ್‌ಮೆಂಟೂ ಸಾಚಾ ಅಲ್ಲ. ನಮ್ಮ ಆಡಿಟರ್ ಆಫೀಸಿಗೆ `.html` ಫೈಲ್ ಅಟ್ಯಾಚ್ ಆಗಿ ಬಂದಿತ್ತು. ತೆರೆದರೆ ಕಂಪ್ಯೂಟರಿನಲ್ಲೇ ಲಾಗಿನ್ ಪುಟ. ಮೇಲೆ `file://` ಅಂತ ಇತ್ತು. ಡೊಮೇನೇ ಇಲ್ಲ, ಬಲದಿಂದ ಓದುವುದು ಏನನ್ನು!

ಮಲ್ಲೇಶ್ವರಂ_ಮಾಮಿ

ನನಗೊಂದು ಅನುಮಾನ. ನಮ್ಮ ಆಫೀಸಿನಲ್ಲಿ ಔಟ್‌ಲುಕ್ ಎರಡು ದಿನಕ್ಕೊಮ್ಮೆ ತಾನೇ ಪಾಸ್‌ವರ್ಡ್ ಕೇಳುತ್ತದೆ. ಹಾಗಾಗಿ ಲಾಗಿನ್ ಪುಟ ಬಂದರೆ ಯಾರಿಗೂ ಅನುಮಾನವೇ ಬರುವುದಿಲ್ಲ, ಕೈ ತಾನಾಗಿ ಟೈಪ್ ಮಾಡುತ್ತದೆ. ನಮ್ಮಂಥವರು ಏನು ಮಾಡಬೇಕು?

ಸರ್ವರ್_ಸೀನ

ಒಳ್ಳೇ ಪ್ರಶ್ನೆ ಮೇಡಂ. ಆ ಪುಟದಲ್ಲಿ ಟೈಪ್ ಮಾಡಬೇಡಿ. ಅದನ್ನು ಹಾಗೇ ಬಿಟ್ಟು ಹೊಸ ಟ್ಯಾಬ್ ತೆರೆಯಿರಿ. ನೀವೇ ಬರೆದ ವಿಳಾಸ ಅಥವಾ ಬುಕ್‌ಮಾರ್ಕ್‌ನಿಂದ ನಿಮ್ಮ ಮೇಲ್‌ಗೆ ಲಾಗಿನ್ ಆಗಿ. ಆಮೇಲೆ ಬಂದು ಫೈಲ್ ಲಿಂಕ್ ಮತ್ತೆ ಒತ್ತಿ. ಅಸಲಿ ಆದರೆ ಅದೇ ಬ್ರೌಸರಿನಲ್ಲಿ ನೀವು ಒಳಗಿದ್ದೀರಿ ಅಂತ ಅದಕ್ಕೆ ಗೊತ್ತು. ಸಾಮಾನ್ಯವಾಗಿ ಯಾವ ಖಾತೆ ಅಂತ ಕೇಳಬಹುದು, ಪಾಸ್‌ವರ್ಡ್ ಮತ್ತೆ ಕೇಳುವುದಿಲ್ಲ. ಈಗತಾನೇ ಲಾಗಿನ್ ಆಗಿದ್ದರೂ ಪಾಸ್‌ವರ್ಡ್ ಬೇಕು ಅಂದರೆ ಮುಚ್ಚಿಬಿಡಿ.

ಗೂಗಲ್ ಡ್ರೈವ್‌ನಲ್ಲಿ ಇನ್ನೊಂದು ದಾರಿ ಇದೆ. ಮೇಲ್‌ನ ಲಿಂಕ್ ಮುಟ್ಟದೆ ನೇರ `drive.google.com` ಗೆ ಹೋಗಿ "ನನ್ನೊಂದಿಗೆ ಹಂಚಿಕೊಂಡಿದ್ದು" ಅನ್ನುವ ಕಡೆ ನೋಡಿ. ನಿಮ್ಮ ಹೆಸರಿಗೆ ಶೇರ್ ಮಾಡಿದ್ದರೆ ಫೈಲ್ ಅಲ್ಲಿರುತ್ತದೆ. ಇಲ್ಲದಿದ್ದರೆ ಮೇಲ್ ಪೂರ್ತಿ ಕಟ್ಟುಕಥೆ ಇರಬಹುದು. ಇರಬಹುದು ಅಷ್ಟೇ, ಯಾಕೆಂದರೆ ಲಿಂಕ್ ಇದ್ದವರೆಲ್ಲ ನೋಡಬಹುದು ಅಂತ ಇಟ್ಟ ಫೈಲ್ ನೀವು ಒಮ್ಮೆ ತೆರೆಯುವವರೆಗೆ ಅಲ್ಲಿ ಕಾಣುವುದಿಲ್ಲ. ಇದ್ದರೂ ಒಳಗಿನ ಬಟನ್ ಮುಟ್ಟಬೇಡಿ. ಪೀಣ್ಯದ ಕೇಸಿನಂಥದ್ದಾದರೆ ಫೈಲ್ ಅಲ್ಲಿ ಖಂಡಿತ ಇರುತ್ತದೆ.

ಮಲ್ಲೇಶ್ವರಂ_ಮಾಮಿ

ಹೊಸ ಟ್ಯಾಬ್ ವಿಷಯ ಚೆನ್ನಾಗಿದೆ. ಇದನ್ನು ನಮ್ಮ ಆಫೀಸಿನಲ್ಲೂ ಹೇಳುತ್ತೇನೆ. ಎರಡು ದಿನಕ್ಕೊಮ್ಮೆ ಪಾಸ್‌ವರ್ಡ್ ಕೇಳುವುದನ್ನು ನಿಲ್ಲಿಸಿ ಅಂತಲೂ ಹೇಳುತ್ತೇನೆ, ಕೇಳುವುದಿಲ್ಲ ಅಂತ ಗೊತ್ತು.

ಹಳೇ_ಮೋಡೆಮ್

ಪಾಸ್‌ವರ್ಡ್ ಪುಟದ ವಿಳಾಸ ಸರಿ ಇದ್ದರೆ ಸಾಕು ಅನ್ನುವವರಿಗೆ 2017ರ ಮೇ ತಿಂಗಳು ನೆನಪಿಸುತ್ತೇನೆ. ಪರಿಚಯದವರೇ ಗೂಗಲ್ ಡಾಕ್ ಶೇರ್ ಮಾಡಿದ್ದಾರೆ ಅಂತ ಮೇಲ್ ಬರುತ್ತಿತ್ತು. ಒತ್ತಿದರೆ ನಿಜವಾದ ಗೂಗಲ್ ಪುಟ. ಅಲ್ಲಿ "ಗೂಗಲ್ ಡಾಕ್ಸ್" ನಿಮ್ಮ ಮೇಲ್ ಓದಲು, ಕಳಿಸಲು ಅನುಮತಿ ಕೇಳುತ್ತಿದೆ ಅಂತ ಬರೋದು. ಆ ಹೆಸರಿಟ್ಟುಕೊಂಡಿದ್ದದ್ದು ಯಾರೋ ಮಾಡಿದ ಬೇರೆ ಆ್ಯಪ್. ಪಾಸ್‌ವರ್ಡ್ ಕದಿಯಲೇ ಇಲ್ಲ, ಅನುಮತಿ ಕದ್ದರು. ಅದರಿಂದ ನಮ್ಮ ಪರಿಚಯದವರಿಗೆಲ್ಲ ಮತ್ತೆ ಅದೇ ಮೇಲ್. ಗೂಗಲ್ ಸುಮಾರು ಒಂದು ಗಂಟೆಯಲ್ಲಿ ನಿಲ್ಲಿಸಿತು. ಆ ಮೇಲ್‌ನ `To` ಜಾಗದಲ್ಲಿ ಸಾಲಾಗಿ h ಗಳಿದ್ದ ಒಂದು ವಿಚಿತ್ರ ವಿಳಾಸ ಇರುತ್ತಿತ್ತು, ನಮ್ಮ ವಿಳಾಸ ಬಿಸಿಸಿಯಲ್ಲಿ. ಅದೊಂದು ಸುಳಿವು.

ಸರ್ವರ್_ಸೀನ

ಹೌದು, ಅದು ನಾನು ಹೇಳಿದ ನಿಯಮಕ್ಕೆ ಸಿಗದ ಜಾತಿ. ಫೈಲ್ ನೋಡಲು ಯಾವುದಾದರೂ ಆ್ಯಪ್‌ಗೆ "ನಿಮ್ಮ ಮೇಲ್ ಓದುವ" ಅನುಮತಿ ಬೇಕು ಅಂದರೆ ಬೇಡ ಅನ್ನಬೇಕು.

ಜಯನಗರ_ನಾಲ್ಕನೇ_ಬ್ಲಾಕ್

ಅಂದರೆ ನಿಮ್ಮ ಬಲದಿಂದ ಓದುವ ಉಪಾಯಕ್ಕೂ ತೂತಿದೆ. ನನ್ನದಕ್ಕೆ ಮಾತ್ರ ಬೈದಿರಿ.

ಬಸ್ಸಾರು_ಮುದ್ದೆ

😂 ಜಯನಗರದವರು ಬಿಡಲ್ಲ.

ಕೆಂಗೇರಿ_ಲೋಕಲ್

ಸರಿ, ಪಾಸ್‌ವರ್ಡ್ ಹೋಗಿದೆ. ಪೀಣ್ಯದವರು ಈಗ ಏನು ಮಾಡಿದ್ದಾರೆ? ಅದನ್ನು ಯಾರೂ ಕೇಳಲೇ ಇಲ್ಲ.

ಪೀಣ್ಯ_ಲೆಕ್ಕ

ಪಾಸ್‌ವರ್ಡ್ ಬದಲಿಸಿದೆವು. ಸಾಕಲ್ವಾ?

ಸರ್ವರ್_ಸೀನ

ಸಾಲುವುದಿಲ್ಲ. ನಿಮ್ಮಲ್ಲಿ ಅಡ್ಮಿನ್ ಲಾಗಿನ್ ಯಾರ ಹತ್ತಿರ ಇದೆಯೋ ಅವರನ್ನು ಕೂರಿಸಿಕೊಂಡು ಈಗಲೇ ಮಾಡಿ.

ಮೊದಲು ಮೈಕ್ರೋಸಾಫ್ಟ್‌ನ ಎಂಟ್ರಾ ಅಡ್ಮಿನ್ ಸೆಂಟರ್, ಅಂದರೆ ಕಂಪನಿಯ ಖಾತೆಗಳನ್ನು ನೋಡಿಕೊಳ್ಳುವ ಸೈಟಿನಲ್ಲಿ ಆ ಹುಡುಗನ ಹೆಸರು ತೆರೆದು `Revoke sessions` ಒತ್ತಿ. ಕದ್ದ ಕುಕಿ ಸಾಯಬೇಕು. ಒತ್ತಿದ ಮೇಲೂ ಆಗಲೇ ಪಡೆದ ಟೋಕನ್ ಒಂದು ಗಂಟೆ, ಕೆಲವೊಮ್ಮೆ ಇನ್ನಷ್ಟು ಹೊತ್ತು ಉಸಿರಾಡುತ್ತಿರಬಹುದು. ಹಾಗಾಗಿ ತಕ್ಷಣ ನಿಶ್ಚಿಂತೆ ಬೇಡ.

ಆಮೇಲೆ ಅದೇ ಪುಟದಲ್ಲಿ `Authentication methods` ನೋಡಿ. ಕಳ್ಳ ಒಳಗಿದ್ದಾಗ ತನ್ನ ಫೋನನ್ನೂ ಎರಡನೇ ಅಥೆಂಟಿಕೇಟರ್ ಆಗಿ ಸೇರಿಸಿಕೊಂಡಿರಬಹುದು. ಅದು ಉಳಿದರೆ ಮತ್ತೆ ಬರಲು ಅವನಿಗೆ ಅರ್ಧ ದಾರಿ ತೆರೆದೇ ಇರುತ್ತದೆ.

ಕೊನೆಗೆ ಔಟ್‌ಲುಕ್ ರೂಲ್‌ಗಳು, ಫಾರ್ವರ್ಡಿಂಗ್, ಮತ್ತು ಅವನ ಒನ್‌ಡ್ರೈವ್‌ನಲ್ಲಿ ಅವನು ಹಾಕದ ಫೈಲ್. ನಿಮ್ಮ ಸಪ್ಲೈಯರ್‌ಗಳಿಗೆ ಹೋದದ್ದು ಆ ಫೈಲಿನಿಂದಲೇ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಶೇರಿಂಗ್ ನಿಲ್ಲಿಸಿ.

ಪೀಣ್ಯ_ಲೆಕ್ಕ

ಈಗತಾನೇ ನೋಡಿದೆವು. ಮೈ ಜುಮ್ ಅಂತು.

ರೂಲ್ ಇತ್ತು. ಅದರ ಹೆಸರು ಬರೀ ಒಂದು ಚುಕ್ಕಿ. ಬರುವ ಮೇಲ್‌ನಲ್ಲಿ `invoice`, `payment`, `hacked` ಇವುಗಳಲ್ಲಿ ಒಂದು ಪದ ಇದ್ದರೂ `RSS Feeds` ಗೆ ಕಳಿಸು ಅಂತ. ಅಥೆಂಟಿಕೇಟರ್ ಎರಡು ಇದ್ದವು. ಹುಡುಗನ ಹತ್ತಿರ ಇರುವುದು ಒಂದೇ ಫೋನ್.

ಆ ಫೋಲ್ಡರಿನಲ್ಲಿ ಸಪ್ಲೈಯರ್ ಒಬ್ಬರ ಮೇಲ್ ಬಿದ್ದಿತ್ತು: "ನೀವು ಹೇಳಿದ ಹೊಸ ಬ್ಯಾಂಕ್ ಖಾತೆ ವಿವರ ಸಿಕ್ಕಿತು, ಡೆಬಿಟ್ ನೋಟ್ ಹಣ ಅದಕ್ಕೇ ಹಾಕುತ್ತೇವೆ." ನಾವು ಯಾವ ಹೊಸ ಖಾತೆಯನ್ನೂ ಹೇಳಿಲ್ಲ. ಫೋನ್ ಮಾಡಿದೆ. ಪುಣ್ಯಕ್ಕೆ ಇನ್ನೂ ಹಾಕಿರಲಿಲ್ಲ.

ಚಿಕ್ಕಪೇಟೆ_ಶೆಟ್ರು

ನೋಡಿ, ಕೊನೆಗೆ ಕೆಲಸಕ್ಕೆ ಬಂದದ್ದು ಫೋನೇ.

ಕೆಂಗೇರಿ_ಲೋಕಲ್

ಯಾರಾದರೂ ಹಣ ಹಾಕಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿಸಿ. ಹಣ ಹೋಗದಿದ್ದರೂ `cybercrime.gov.in` ನಲ್ಲಿ ದೂರು ಹಾಕಿಡಿ. ನಾಳೆ ಯಾರಾದರೂ "ನಿಮ್ಮ ಮೇಲ್‌ನಿಂದಲೇ ಬಂತು" ಅಂತ ಜಗಳಕ್ಕೆ ಬಂದಾಗ ತೋರಿಸಲು ಒಂದು ಕಾಗದ ಬೇಕಾಗುತ್ತದೆ.

ಪೀಣ್ಯ_ಲೆಕ್ಕ

ದೂರು ಹಾಕುತ್ತೇವೆ. ನೋಟಿಸ್‌ಗೆ ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

"ಶೇರ್ಡ್ ಫೈಲ್ ತೆರೆದ ಮೇಲೆ ಒಳಗೆ ಇನ್ನೊಂದು ಬಟನ್ ಅಥವಾ ಕ್ಯೂಆರ್ ಇದ್ದರೆ ಮುಚ್ಚಿ. ಪಾಸ್‌ವರ್ಡ್ ಕೇಳಿದರೆ ಅಲ್ಲಿ ಕೊಡಬೇಡಿ, ಹೊಸ ಟ್ಯಾಬ್‌ನಲ್ಲಿ ಲಾಗಿನ್ ಆಗಿ ಬನ್ನಿ. ಕಳಿಸಿದವರನ್ನು ಫೋನಿನಲ್ಲಿ ಕೇಳಿ, ಮೇಲ್‌ನಲ್ಲಿ ಕೇಳಬೇಡಿ. ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೆ ತಕ್ಷಣ ಅಕೌಂಟ್ಸ್‌ಗೆ ತಿಳಿಸಿ, ಯಾರೂ ಬೈಯುವುದಿಲ್ಲ."

ಎಚ್‌ಎಸ್‌ಆರ್_ಟೆಸ್ಟರ್

ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿ. ಆ ಹುಡುಗ ಅವತ್ತೇ ಬಾಯಿಬಿಟ್ಟಿದ್ದರೆ ಸಪ್ಲೈಯರ್‌ಗಳಿಗೆ ಮೇಲ್ ಹೋಗುವ ಮೊದಲೇ ಸೆಷನ್ ಕಡಿಯಬಹುದಿತ್ತು.

ಬನಶಂಕರಿ_ಟೀಚರ್

ವಿಳಾಸವನ್ನು ಬಲದಿಂದ ಓದುವುದನ್ನೂ ಸೇರಿಸಿ. ನಾನು ನಾಳೆ ಎಂಟನೇ ಕ್ಲಾಸಿಗೆ ಹೇಳಿಕೊಡುತ್ತೇನೆ, ಮಕ್ಕಳು ಬೇಗ ಹಿಡಿಯುತ್ತಾರೆ.

ಪೀಣ್ಯ_ಲೆಕ್ಕ

ಗೋಡೆ ನೋಟಿಸ್‌ನಲ್ಲಿ ಅದು ಯಾರ ತಲೆಗೂ ಹೋಗಲ್ಲ ಟೀಚರ್. ನಾನೇ ಒಬ್ಬೊಬ್ಬರನ್ನು ಕೂರಿಸಿಕೊಂಡು ತೋರಿಸುತ್ತೇನೆ.

ಮಲ್ಲೇಶ್ವರಂ_ಮಾಮಿ

ಫೋನಿನಲ್ಲಿ ಮೇಲ್ ನೋಡುವವರು? ಔಟ್‌ಲುಕ್ ಆ್ಯಪ್ ಒಳಗೇ ಲಿಂಕ್ ತೆರೆದರೆ ಮೇಲೆ ವಿಳಾಸ ಅರ್ಧ ಕಾಣುತ್ತದೆ. ಹೊಸ ಟ್ಯಾಬ್ ಉಪಾಯವೂ ಅಲ್ಲಿ ನಡೆಯಲ್ಲ ಅನ್ನಿಸುತ್ತದೆ. ಆ್ಯಪ್ ಒಳಗಿನ ಬ್ರೌಸರಿಗೆ ನಾನು ಲಾಗಿನ್ ಆಗಿರುವುದು ಗೊತ್ತಿರುವುದಿಲ್ಲವಲ್ಲ.

ಸರ್ವರ್_ಸೀನ

ನೀವು ಹೇಳಿದ್ದು ಸರಿ. ಅಸಲಿ ಫೈಲೇ ಆದರೂ ಅಲ್ಲಿ ಪಾಸ್‌ವರ್ಡ್ ಕೇಳಬಹುದು. ವಿಳಾಸದ ಮೇಲೆ ಒತ್ತಿದರೆ ಕೆಲವು ಫೋನಿನಲ್ಲಿ ಪೂರ್ತಿ ಕಾಣುತ್ತದೆ. ಕೆಲವು ಆಫೀಸುಗಳಲ್ಲಿ ಎಲ್ಲ ಲಿಂಕನ್ನೂ `safelinks.protection.outlook.com` ಅಂತ ಸುತ್ತಿ ಕೊಡುತ್ತಾರೆ, ಆಗ ಲಿಂಕ್ ಒತ್ತಿ ಹಿಡಿದು ನೋಡಿದರೂ ಅಸಲು ಹೆಸರು ಉದ್ದದ ಕಸದ ನಡುವೆ ಹೂತುಹೋಗಿರುತ್ತದೆ. ನಾನಂತೂ ನಮ್ಮವರಿಗೆ ಫೋನಿನಲ್ಲಿ ಶೇರ್ಡ್ ಫೈಲ್ ತೆರೆಯಲೇಬೇಡಿ, ಕಂಪ್ಯೂಟರಿಗೆ ಬಂದು ತೆರೆಯಿರಿ ಅಂದಿದ್ದೇನೆ.

ಕೆಂಗೇರಿ_ಲೋಕಲ್

ಸೇಲ್ಸ್‌ನವರಿಗೆ ಇದನ್ನು ಹೇಳಿ ನೋಡಿ ಸೀನಣ್ಣ. ಅವರ ಇಡೀ ಆಫೀಸೇ ಫೋನಿನಲ್ಲಿ, ಅದೂ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ.

ಸರ್ವರ್_ಸೀನ

ಗೊತ್ತು. ನಮ್ಮಲ್ಲೂ ಅರ್ಧ ಜನ ಕೇಳಿಲ್ಲ. ಸೇಲ್ಸ್‌ನವರಿಗೆ ಪಾಸ್‌ಕೀ ಮಾತ್ರ ಇಟ್ಟು ಪಾಸ್‌ವರ್ಡ್ ದಾರಿ ಮುಚ್ಚಬೇಕು ಅಂತಿದ್ದೇನೆ. ಯಾರಾದರೂ ಸಣ್ಣ ಕಂಪನಿಯಲ್ಲಿ ಹಾಗೆ ಮಾಡಿದ್ದರೆ ಹೇಳಿ: ಫೋನ್ ಕಳೆದುಹೋದ ದಿನ ಏನು ಮಾಡುತ್ತೀರಿ?